ಡೆವಲಪ್‌ಮೆಂಟ್ ಖರ್ಚೆಲ್ಲಾ ಆಸ್ತಿಯಾಗುವುದಿಲ್ಲ

ಹೊಸ ಉತ್ಪನ್ನ ರೂಪಿಸುತ್ತಿರುವ ಕಂಪನಿಗಳ ಲೆಕ್ಕ ನೋಡಲು ಕೂತಾಗ ಪ್ರತಿ ಮಾರ್ಚ್‌ನಲ್ಲೂ ಒಂದು ಮಾತು ಬಂದೇ ಬರುತ್ತದೆ: "ಸಾರ್, ಇದೆಲ್ಲಾ ಆರ್ ಅಂಡ್ ಡಿ ದುಡ್ಡು. ನಾಳೆ ವ್ಯಾಪಾರ ತರೋದೇ ಇದು. ಲಾಭ-ನಷ್ಟಕ್ಕೆ ಯಾಕೆ ಹಾಕ್ತೀರಿ? ಆಸ್ತಿ ಅಂತ ತೋರಿಸಿ."

ಸಂಶೋಧನೆಯ ಖರ್ಚು ಆಯಾ ವರ್ಷದ ಖರ್ಚೇ, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ಇದು ಬಹುತೇಕರಿಗೆ ಗೊತ್ತು. ಗೊಂದಲ ಇರುವುದು ಮುಂದಿನ ಹೆಜ್ಜೆಯಲ್ಲಿ. ಸಂಶೋಧನೆ ಮುಗಿದು ಅಭಿವೃದ್ಧಿ ಶುರುವಾದರೆ ಅಂದಿನಿಂದಲೇ ಖರ್ಚನ್ನು ಕ್ಯಾಪಿಟಲೈಸ್ ಮಾಡಬಹುದು, ಅಂದರೆ ಆಸ್ತಿಯಾಗಿ ತೋರಿಸಬಹುದು ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ.

ಪೀಣ್ಯದಲ್ಲಿ ಇ-ಸ್ಕೂಟರ್ ಬ್ಯಾಟರಿಗೆ ಕಂಟ್ರೋಲ್ ಬೋರ್ಡ್ ಮಾಡಲು ಹೊರಟ ಒಂದು ಸಣ್ಣ ಕಂಪನಿ ಇದೆ ಅಂದುಕೊಳ್ಳಿ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಯಾವ ಬಗೆಯ ಸೆಲ್ ಸರಿಹೋಗುತ್ತದೆ, ಚಾರ್ಜ್ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಲು ಯಾವ ವಿಧಾನ ಒಳ್ಳೆಯದು ಅಂತ ಹುಡುಕಾಟ. 38 ಲಕ್ಷ ಹೋಯಿತು. ಇದು ಸಂಶೋಧನೆ. ಸೆಪ್ಟೆಂಬರ್‌ನಿಂದ ಜನವರಿ 10ರವರೆಗೆ ಬೋರ್ಡ್ ಡಿಸೈನ್ ಮತ್ತು ಪ್ರೋಟೋಟೈಪ್‌ಗೆ 27 ಲಕ್ಷ. ಇದು ಅಭಿವೃದ್ಧಿಯೇ. ಆದರೆ ಪ್ರೋಟೋಟೈಪ್ ಲೋಡ್ ಹಾಕಿದಾಗಲೆಲ್ಲಾ ಬಿಸಿಯಾಗುತ್ತಿತ್ತು, ಮುಗಿಸಲು ಬೇಕಾದ ಹಣವೂ ಕೈಯಲ್ಲಿರಲಿಲ್ಲ. ಜನವರಿ 10ರಂದು ತಿದ್ದಿದ ಬೋರ್ಡ್ ಟೆಸ್ಟ್ ಪಾಸಾಯಿತು. ಅದೇ ದಿನ ನಿರ್ದೇಶಕ ಮಂಡಳಿ ಉಳಿದ ಕೆಲಸಕ್ಕೆ ಬಜೆಟ್ ಒಪ್ಪಿತು. ಬ್ಯಾಂಕಿನ ಸಾಲ ಮಂಜೂರಾತಿ ಪತ್ರವೂ ಸ್ಕೂಟರ್ ತಯಾರಕರ ಖರೀದಿ ಪತ್ರವೂ ಅಷ್ಟರಲ್ಲಿ ಫೈಲಿನಲ್ಲಿದ್ದವು. ಅಲ್ಲಿಂದ ಮಾರ್ಚ್ 31ರವರೆಗೆ ಇನ್ನೂ 34 ಲಕ್ಷ.

ಒಟ್ಟು 99 ಲಕ್ಷ. ಮಾಲೀಕರಿಗೆ ಅಷ್ಟೂ ಆಸ್ತಿಯಾಗಬೇಕು. ಆಗುವುದು 28 ಲಕ್ಷ ಮಾತ್ರ.

ಇಂಥ ಆಸ್ತಿಗಳ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 38 ಆರು ವಿಷಯ ಕೇಳುತ್ತದೆ. ತಾಂತ್ರಿಕವಾಗಿ ಮುಗಿಸಲು ಸಾಧ್ಯವೇ, ಮುಗಿಸುವ ಉದ್ದೇಶ ಇದೆಯೇ, ಬಳಸಲು ಅಥವಾ ಮಾರಲು ಆಗುತ್ತದೆಯೇ, ಅದರಿಂದ ಆದಾಯ ಹೇಗೆ ಬರುತ್ತದೆ, ಮುಗಿಸಲು ಹಣ-ಜನ ಇದೆಯೇ, ಖರ್ಚನ್ನು ನಂಬುವಂತೆ ಅಳೆಯಬಹುದೇ. ಐದಕ್ಕೆ ಹೌದು ಅಂದು ಒಂದಕ್ಕೆ ತಡವರಿಸಿದರೂ ಆಸ್ತಿಯಿಲ್ಲ. ಇಂಡ್ ಎಎಸ್ ಅನ್ವಯಿಸದ ಸಣ್ಣ ಕಂಪನಿಗಳಿಗಿರುವ ಎಎಸ್ 26ರಲ್ಲೂ ಪರೀಕ್ಷೆ ಇಂಥದ್ದೇ. ನಮ್ಮ ಉದಾಹರಣೆಯಲ್ಲಿ ಆರೂ ಒಟ್ಟಿಗೆ ಕೂಡಿಬಂದದ್ದು ಜನವರಿ 10ಕ್ಕೆ. ಹಾಗಾಗಿ ಆ 27 ಲಕ್ಷ ಅಭಿವೃದ್ಧಿಯ ಖರ್ಚಾಗಿದ್ದರೂ ನೇರ ಲಾಭ-ನಷ್ಟಕ್ಕೆ. ಆಮೇಲೆ ಉತ್ಪನ್ನ ಎಷ್ಟೇ ಗೆದ್ದರೂ ಅದನ್ನು ವಾಪಸ್ ತಂದು ಆಸ್ತಿಗೆ ಸೇರಿಸುವಂತಿಲ್ಲ. ಕೊನೆಯ 34 ಲಕ್ಷದಲ್ಲೂ ಮೇಳದ ಸ್ಟಾಲ್‌ಗೆ ಕೊಟ್ಟ 3 ಲಕ್ಷ, ಸಿಬ್ಬಂದಿ ತರಬೇತಿಯ 1 ಲಕ್ಷ, ಆಫೀಸಿನ ಸಾಮಾನ್ಯ ಖರ್ಚಿನ ಪಾಲು 2 ಲಕ್ಷ ಹೊರಗೆ.

ಇದು ಅನ್ಯಾಯ ಅಂತ ದೂರುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೋರ್ಡ್ ಬಿಸಿಯಾಗುತ್ತಿದ್ದ ಡಿಸೆಂಬರ್‌ನಲ್ಲಿ ಆ ಕಂಪನಿಯ ಹತ್ತಿರ ಆಸ್ತಿ ಇರಲಿಲ್ಲ, ಭರವಸೆ ಇತ್ತು. ಆ ಹೊತ್ತಿಗೆ ಸಾಲ ಕೊಡುವವರು, ಷೇರು ಕೊಳ್ಳುವವರು ಅದನ್ನು ಇದ್ದ ಹಾಗೇ ನೋಡಬೇಕು.

ನನ್ನ ಸಿಟ್ಟಿರುವುದು ಆರೂ ಷರತ್ತು ಕೂಡಿಬಂದ ದಿನಾಂಕವನ್ನು ಮಾರ್ಚ್‌ನಲ್ಲಿ ಕೂತು ಹುಟ್ಟಿಸುವ ಅಭ್ಯಾಸದ ಮೇಲೆ. ಅದು ಫೈಲ್ ತೆರೆದ ಕೂಡಲೇ ಕಾಣುತ್ತದೆ. ಟೆಸ್ಟ್ ರಿಪೋರ್ಟ್ ಜನವರಿಯದ್ದು, ಕ್ಯಾಪಿಟಲೈಸ್ ಮಾಡಿದ್ದು ಅಕ್ಟೋಬರ್‌ನಿಂದ. ಮೂರು ಪ್ರಾಜೆಕ್ಟ್ ಒಟ್ಟಿಗೆ ನೋಡುವ ಇಂಜಿನಿಯರ್‌ನ ಟೈಮ್‌ಶೀಟ್‌ನಲ್ಲಿ ಪ್ರತಿ ತಿಂಗಳೂ ಈ ಬೋರ್ಡಿಗೇ ಸರಿಯಾಗಿ ಶೇ. 60, ಆರೂ ತಿಂಗಳ ಹಾಳೆಗೆ ಒಂದೇ ದಿನದ ಸಹಿ. ಇಂಥ ಕಡೆ ಖರ್ಚನ್ನು ಅಳೆಯಲು ಆಗುತ್ತದೆ ಅನ್ನುವ ಷರತ್ತೇ ಬಿದ್ದುಹೋಗುತ್ತದೆ. ದಿನಾಂಕ ಹೇಳಬೇಕಾದವರು ಅಕೌಂಟ್ಸ್‌ನವರಲ್ಲ, ಇಂಜಿನಿಯರುಗಳು. ಅದೂ ಆ ದಿನವೇ, ಬರಹದಲ್ಲಿ.

ಆಸ್ತಿಗೆ ಹೋದ ಮೇಲೂ ಕಥೆ ಮುಗಿಯುವುದಿಲ್ಲ. ಬಳಕೆಗೆ ಸಿದ್ಧವಾಗುವ ತನಕ ಸವಕಳಿ ಇಲ್ಲ, ಆದರೆ ಪ್ರತಿ ವರ್ಷ ಆ ಮೊತ್ತ ವಾಪಸ್ ಬರುತ್ತದೆಯೇ ಅಂತ ಪರೀಕ್ಷಿಸಲೇಬೇಕು. ಟಾಟಾ ಮೋಟಾರ್ಸ್ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್ 2021ರ ಫೆಬ್ರವರಿಯಲ್ಲಿ ಹೊಸ ಕಾರ್ಯತಂತ್ರ ಪ್ರಕಟಿಸಿದಾಗ ಹೊಸ ಎಕ್ಸ್‌ಜೆ ಕಾರನ್ನು ಕೈಬಿಟ್ಟಿತು. ಹಿಂದೆ ಮಾಡಿದ್ದ ಹೂಡಿಕೆಗಳಲ್ಲಿ ಸುಮಾರು 100 ಕೋಟಿ ಪೌಂಡ್ ಲೆಕ್ಕದಿಂದ ತೆಗೆಯಬೇಕಾಗುತ್ತದೆ ಅಂತಲೂ ಹೇಳಿತು. ದೊಡ್ಡ ಕಂಪನಿ ಅದನ್ನು ತಡೆದುಕೊಂಡಿತು. ಸಣ್ಣ ಕಂಪನಿಯ ನೆಟ್‌ವರ್ತ್ ಪೂರ್ತಿ ಇಂಥದ್ದೊಂದೇ ಆಸ್ತಿಯಲ್ಲಿ ಕೂತಿದ್ದರೆ ಒಂದು ಪ್ರಾಜೆಕ್ಟ್ ನಿಂತಾಗ ಎಲ್ಲವೂ ಒಟ್ಟಿಗೆ ಹೋಗುತ್ತದೆ.

ನಷ್ಟ ಕಂಡರೆ ಬ್ಯಾಂಕಿನವರು ಹೆದರುತ್ತಾರೆ ಅನ್ನುವ ಮಾಲೀಕರಿಗೆ ನಾನು ಟಿಪ್ಪಣಿಗಳ ಪುಟ ತೋರಿಸುತ್ತೇನೆ. ವರ್ಷದಲ್ಲಿ ಖರ್ಚಿಗೆ ಹಾಕಿದ ಸಂಶೋಧನೆ ಮತ್ತು ಅಭಿವೃದ್ಧಿಯ ಒಟ್ಟು ಮೊತ್ತವನ್ನು ಅಲ್ಲಿ ಪ್ರತ್ಯೇಕವಾಗಿ ಕೊಡಬೇಕು ಅಂತ ನಿಯಮವೇ ಹೇಳುತ್ತದೆ. ಆ 65 ಲಕ್ಷ ಅಲ್ಲಿ ಬರೆಯಿರಿ. ಈ ನಷ್ಟ ಯಾವುದರಿಂದ ಬಂತು ಅಂತ ಓದಿದವರಿಗೆ ಗೊತ್ತಾಗುತ್ತದೆ.