ಬೆಟ್ಟ ಒಂದೇ, ಹತ್ತಿದವರು ಮೂವರು

ಬೆಟ್ಟದ ತುದಿಯ ಬಂಡೆಯ ಮೇಲೆ ಒಬ್ಬ ಮಹಾಶಯ ಕೂತಿದ್ದಾನೆ. ಮುಖ ಕೆಂಪಾಗಿದೆ. ಅಂಗಿ ಬೆವರಿಗೆ ಮೈಗಂಟಿದೆ. ಒಂದು ಶೂ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡಿದ್ದಾನೆ. ಅರ್ಧ ದಾರಿಯಲ್ಲೇ ಕೈಚೆಲ್ಲಿದವನನ್ನು ಇಬ್ಬರು ಗೆಳೆಯರು ಎಳೆದುಕೊಂಡು ಬಂದು ಅಲ್ಲಿ ಕೂರಿಸಿದ್ದಾರೆ. ಇಷ್ಟೇ ನಡೆದದ್ದು. ಫೋಟೊನೂ ಒಂದೇ. ಆದರೆ ಕ್ಯಾಪ್ಷನ್ ಬರೆದು ಮುಗಿಸುವ ಹೊತ್ತಿಗೆ ಅದೇ ಬೆಟ್ಟವನ್ನು ಮೂರು ಬೇರೆ ಬೇರೆ ಮನುಷ್ಯರು ಹತ್ತಿರುತ್ತಾರೆ.

ಆಪ್ತ ಗೆಳೆಯರಿಗೆ ಬರೆಯುವುದು ಸುಲಭ. "ಸತ್ತೆ ಕಣ್ರೋ. ಜ್ವರ ಅಂತ ರಜೆ ಹಾಕಿದ್ದು ಸಾರ್ಥಕ ಆಯ್ತು." ಬರೆಯಲು ಐದು ಸೆಕೆಂಡ್ ಸಾಕು. ಕಾಗುಣಿತ ಯಾರೂ ನೋಡುವುದಿಲ್ಲ. ಆದರೂ ಗಮನಿಸಿ, ಎಳೆದುಕೊಂಡು ಬಂದ ಸಂಗತಿ ಇಲ್ಲೂ ಇಲ್ಲ. ಯಾರಾದರೂ ಎತ್ತಿದರೆ ಶೂ ಕಚ್ಚುತ್ತಿತ್ತು ಅನ್ನುತ್ತಾನೆ. ಬಿಚ್ಚಿಟ್ಟ ಶೂ ಇರುವುದು ಅದಕ್ಕೇ.

ಬಂಧುಗಳದ್ದು ಬೇರೆ ಲೆಕ್ಕ. ಅಲ್ಲಿ ಕ್ಯಾಪ್ಷನ್ ಬರೆಯುವುದು ಏನನ್ನೋ ಹೇಳಲಿಕ್ಕಲ್ಲ, ಫೋನ್ ಬರದಂತೆ ತಡೆಯಲಿಕ್ಕೆ. "ಎಲ್ಲರ ಆಶೀರ್ವಾದದಿಂದ ಕ್ಷೇಮವಾಗಿ ಹೋಗಿ ಬಂದೆವು." ಈ ಪುಟ್ಟ ವಾಕ್ಯದ ಹಿಂದೆ ವರ್ಷಗಳ ಅನುಭವ ಇದೆ. "ಬೆಟ್ಟದ ಮೇಲಿದ್ದೇವೆ" ಅಂತ ಹಾಕಿದರೆ ಇಳಿಯುವವರೆಗೆ ಫೋನ್ ಬಡಿದುಕೊಳ್ಳುತ್ತದೆ. ಆದ್ದರಿಂದ ಮನೆ ಸೇರಿದ ಮೇಲೆಯೇ ಹಾಕಬೇಕು, "ಬಂದೆವು" ಎಂದೇ ಹಾಕಬೇಕು. ಕ್ಷೇಮ ಅಂದರೆ ಬಿದ್ದಿಲ್ಲ ಎಂದು ಗೊತ್ತಾಯಿತು. ಆಶೀರ್ವಾದ ಅಂದರೆ ಹೇಳದೆ ಹೋದ ತಪ್ಪು ಅರ್ಧ ಮನ್ನಾ. ಇಷ್ಟೆಲ್ಲ ಎಚ್ಚರ ವಹಿಸಿದರೂ ಅತ್ತೆಯೊಬ್ಬರು ಕೆಳಗೆ ಬರೆಯುತ್ತಾರೆ: "ಬಂದೆವು ಅಂದ್ರೆ ಯಾರ್ಯಾರು?"

ಆದರೆ ನಿಜವಾದ ಪ್ರತಿಭೆ ಕಾಣಬೇಕಾದರೆ ಆಫೀಸಿನ ಕ್ಯಾಪ್ಷನ್ ಓದಬೇಕು. ಲಿಂಕ್ಡ್‌ಇನ್‌ನಲ್ಲಿ ಮೊದಲ ಕೆಲವು ಸಾಲು ಮಾತ್ರ ಕಾಣುತ್ತವೆ, ಉಳಿದದ್ದು ಓದಲು ಒತ್ತಬೇಕು. ಹಾಗಾಗಿ ಮೊದಲ ಸಾಲಿನಲ್ಲೇ ಯಾರೋ ಹೋಗಿಬಿಟ್ಟರು ಅನ್ನುವ ಹಾಗೆ ಶುರು ಮಾಡುತ್ತಾರೆ.

"ಆ ದಿನ ನಾನು ಸೋತೆ."

ಒಂದು ಸಾಲು ಖಾಲಿ.

"ಕಾಲು ನಿಂತಿತು. ಮನಸ್ಸು ನಿಲ್ಲಲಿಲ್ಲ."

ಮತ್ತೊಂದು ಸಾಲು ಖಾಲಿ.

"ಶಿಖರ ಒಂದು ಜಾಗವಲ್ಲ, ಅದೊಂದು ಮನಸ್ಥಿತಿ. ಬೆಟ್ಟ ನನಗೆ ಕಲಿಸಿದ ಮೂರು ಪಾಠಗಳು ಇಲ್ಲಿವೆ."

ಎಳೆದುಕೊಂಡು ಬಂದ ಇಬ್ಬರು ಇಲ್ಲಿ "ನನ್ನ ತಂಡ" ಆಗಿದ್ದಾರೆ. ಏದುಸಿರು "ಛಲ" ಆಗಿದೆ. ಶೂ ಇದ್ದ ಕಡೆ ಫೋಟೊ ಕತ್ತರಿಸಿ ಹೋಗಿದೆ, ಬರಿಗಾಲಿನ ನಾಯಕತ್ವವನ್ನು ಯಾರು ಒಪ್ಪುತ್ತಾರೆ? ಇದನ್ನು ಹಾಕಿದ್ದು ಭಾನುವಾರ ಸಂಜೆ, ಬೆಟ್ಟ ಹತ್ತಿದ್ದು ಶುಕ್ರವಾರ. ಶುಕ್ರವಾರ ಅವನಿಗೆ ಜ್ವರ ಇತ್ತಲ್ಲ, ದಾಖಲೆ ಸರಿಯಾಗಿರಬೇಕು. ಕೆಳಗೆ ಸಹೋದ್ಯೋಗಿಗಳು "ಸ್ಫೂರ್ತಿದಾಯಕ" ಎಂದು ಬರೆದಿದ್ದಾರೆ. ಅವರ ಹತ್ತಿರವೂ ಅವರವರ ಬೆಟ್ಟದ ಫೋಟೊ ಇದೆ, ಮುಂದಿನ ವಾರ ಇವನೂ ಬರೆಯಬೇಕು. ಸಾಲದ ಲೆಕ್ಕ ಅದು.

ಜನರನ್ನು ಹೀಗೆ ಬೇರೆ ಬೇರೆ ಡಬ್ಬಿಗೆ ತುಂಬುವ ಆಸೆ ಕಂಪನಿಗಳಿಗೆ ಮೊದಲೇ ಅರ್ಥವಾಗಿತ್ತು. 2011ರಲ್ಲಿ ಬಂದ ಗೂಗಲ್ ಪ್ಲಸ್, ಪರಿಚಯದವರನ್ನೆಲ್ಲ ಎಳೆದೆಳೆದು ವೃತ್ತಗಳಿಗೆ ಹಾಕಿ ಎಂದಿತು. 2019ರಲ್ಲಿ ಅದು ಸಾಮಾನ್ಯ ಬಳಕೆದಾರರಿಗೆ ಬಾಗಿಲು ಹಾಕಿತು. ಅಷ್ಟರಲ್ಲಿ, 2018ರಲ್ಲಿ, ಇನ್‌ಸ್ಟಾಗ್ರಾಮ್ ಆಪ್ತರಿಗೆಂದೇ ಹಸಿರು ಉಂಗುರ ಕೊಟ್ಟಿತ್ತು. ವಾಟ್ಸಾಪ್ ಸ್ಟೇಟಸ್‌ಗೂ ಯಾರು ನೋಡಬಹುದು ಎಂದು ಆರಿಸುವ ದಾರಿ ಇದೆ. ಒಂದು "My contacts except…", ಇನ್ನೊಂದು "Only share with…". ಎರಡೂ ಒಂದೇ ಅಲ್ವಾ ಅಂತ ನಮ್ಮ ಮಹಾಶಯನೂ ಅಂದುಕೊಂಡಿದ್ದ.

ಒಂದೇ ಅಲ್ಲ. ಮೊದಲನೆಯದು, ಇವರನ್ನು ಬಿಟ್ಟು ಉಳಿದವರೆಲ್ಲ ನೋಡಲಿ ಅನ್ನುತ್ತದೆ. ಆಮೇಲೆ ನೀವು ಯಾವ ಹೊಸ ನಂಬರ್ ಉಳಿಸಿಕೊಂಡರೂ, ಅವರ ಹತ್ತಿರ ನಿಮ್ಮ ನಂಬರ್ ಇದ್ದರೆ, ಅವರು ಸೀದಾ "ಉಳಿದವರು". ಎರಡನೆಯದು, ಇವರು ಮಾತ್ರ ನೋಡಲಿ ಅನ್ನುತ್ತದೆ. ಅಲ್ಲಿ ಹೊಸಬರು ತಾವಾಗಿ ಒಳಗೆ ಬರುವುದಿಲ್ಲ. ಮೊದಲನೆಯದರಲ್ಲಿ ಮರೆತರೆ ಗುಟ್ಟು ಹೊರಗೆ ಹೋಗುತ್ತದೆ, ಎರಡನೆಯದರಲ್ಲಿ ಮರೆತರೆ ಯಾರೋ ಒಬ್ಬರಿಗೆ ಸ್ಟೇಟಸ್ ಕಾಣುವುದಿಲ್ಲ, ಅಷ್ಟೇ. ಸುಳ್ಳು ಹೇಳುವವನಿಗೆ ಯಾವುದು ಕ್ಷೇಮ ಎಂದು ಬೇರೆ ಹೇಳಬೇಕಾ?

ಮಹಾಶಯ ಮೊದಲನೆಯದನ್ನೇ ಆರಿಸಿದ. ಬಂಧುಗಳನ್ನೂ ಆಫೀಸಿನವರನ್ನೂ ಒಬ್ಬೊಬ್ಬರನ್ನಾಗಿ ಹುಡುಕಿ ಗುರುತು ಹಾಕಿದ. ಶ್ರದ್ಧೆಯ ಕೆಲಸ, ಅಷ್ಟು ಶ್ರದ್ಧೆ ಆಫೀಸಿನಲ್ಲಿ ತೋರಿಸಿದ್ದರೆ ಜ್ವರ ಬರಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ಇದೆಲ್ಲ ಮಾಡಿದ್ದು ತಿಂಗಳ ಹಿಂದೆ. ಹೊಸ ಮ್ಯಾನೇಜರ್ ಬಂದದ್ದು ಹೋದ ವಾರ. ರಜೆ ಕೇಳಲೆಂದು ಗುರುವಾರ ರಾತ್ರಿ ಅವರ ನಂಬರ್ ಉಳಿಸಿಕೊಂಡ. ಅವರೂ ಒಳ್ಳೆಯವರು, ಇವನ ನಂಬರ್ ಉಳಿಸಿಕೊಂಡರು.

ಶುಕ್ರವಾರ ಮಧ್ಯಾಹ್ನ "ಸತ್ತೆ ಕಣ್ರೋ" ಮೇಲಕ್ಕೇರಿತು. ಯಾರ್ಯಾರು ನೋಡಿದರು ಎಂದು ಕೆಳಗಿನ ಪಟ್ಟಿ ತೆಗೆದ. ನಾಲ್ಕನೆಯ ಹೆಸರು ಮ್ಯಾನೇಜರ್ ಅವರದು. ಅವಸರದಲ್ಲಿ ಸೆಟ್ಟಿಂಗ್‌ಗೆ ಹೋಗಿ ಅವರನ್ನೂ ಹೊರಗಿಟ್ಟ. ಆದರೆ ಆ ಬದಲಾವಣೆ ಮುಂದೆ ಹಾಕುವ ಸ್ಟೇಟಸ್‌ಗೆ ಮಾತ್ರ. ಆಗಲೇ ಹಾಕಿದ್ದು 24 ಗಂಟೆ ಅಲ್ಲೇ ಇರುತ್ತದೆ, ಅದನ್ನು ಕೈಯಾರೆ ಅಳಿಸಬೇಕು. ಅವನು ಅಳಿಸುವಷ್ಟರಲ್ಲಿ ಉತ್ತರ ಬಂದಿತ್ತು: "ಬೇಗ ಗುಣವಾಗಿ. ಎತ್ತರದ ಗಾಳಿ ಜ್ವರಕ್ಕೆ ಒಳ್ಳೆಯದಂತೆ."

ಆದರೂ ಭಾನುವಾರ ಆಫೀಸಿನ ಕ್ಯಾಪ್ಷನ್ ಹಾಕಿದ. ಬರೆದಾಗಿತ್ತು, ಬಿಸಾಡಲು ಮನಸ್ಸು ಬರಲಿಲ್ಲ. ಮ್ಯಾನೇಜರ್ ಮೊದಲ ಲೈಕ್ ಕೊಟ್ಟರು. "ನಾಲ್ಕನೆಯ ಪಾಠ ಯಾವುದು?" ಎಂದೂ ಕೇಳಿದರು.

ಬಂಧುಗಳ ಕಡೆ ಬೇಲಿ ಮುರಿದದ್ದು ಇನ್ನೂ ಸರಳವಾಗಿ. ದೊಡ್ಡಪ್ಪನ ಮಗ ಗೆಳೆಯನೂ ಹೌದು, ಬಂಧುವೂ ಹೌದು. ಇಂಥವರಿಗೆ ಯಾವ ಆ್ಯಪ್‌ನಲ್ಲೂ ಡಬ್ಬಿ ಇಲ್ಲ. ಅವನು ಇನ್‌ಸ್ಟಾಗ್ರಾಮ್‌ನ ಹಸಿರು ಉಂಗುರದೊಳಗಿದ್ದ. ಸ್ಟೋರಿಯ ಸ್ಕ್ರೀನ್‌ಶಾಟ್ ತೆಗೆದ, ಮನೆಯವರ ಗುಂಪಿಗೆ ಹಾಕಿದ. ಸ್ಟೋರಿಯನ್ನು ಯಾರಾದರೂ ಹೀಗೆ ತೆಗೆದರೆ ಹಾಕಿದವನಿಗೆ ಸೂಚನೆ ಬರುವುದಿಲ್ಲ. ಆದರೆ ದೊಡ್ಡಪ್ಪನಿಂದ ಫೋನ್ ಬರುತ್ತದೆ. "ಸತ್ತೆ ಅಂತ ಬರೀತಾರೇನೋ? ಒಳ್ಳೇ ಮಾತೇ ಬರಲ್ವಾ ಬಾಯಲ್ಲಿ?" ಹಿಂದಿನಿಂದ ದೊಡ್ಡಮ್ಮನ ದನಿ: "ಜ್ವರ ಇದೆಯಂತೆ, ಮೊದಲು ಅದನ್ನ ಕೇಳಿ!"

ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಮಹಾಶಯ ಜಾಣನಾದ. ಮೂರು ಕ್ಯಾಪ್ಷನ್‌ನ ಗೊಡವೆಯೇ ಬೇಡ ಎಂದು ಫೋಟೊ ಮಾತ್ರ ಹಾಕಿದ, ಎಲ್ಲ ಕಡೆ, ಎಲ್ಲರಿಗೂ, ಒಂದಕ್ಷರವೂ ಬರೆಯದೆ. ಅರ್ಧ ಗಂಟೆಯಲ್ಲಿ ಗೆಳೆಯ ಕೇಳಿದ, "ಯಾರೋ ಕೈ ಕೊಟ್ಟಿದ್ದು?" ಅತ್ತೆ ಬರೆದರು, "ಯಾಕಪ್ಪಾ, ಮನೇಲಿ ಏನಾದ್ರೂ ಮಾತಾಯ್ತಾ?" ಆಫೀಸಿನಿಂದ ಖಾಸಗಿಯಾಗಿ ಒಂದು ಸಂದೇಶ ಬಂತು: "ಸರ್, ಬೇರೆ ಕಡೆ ಕೆಲಸ ಸಿಕ್ತಾ?"