ಫೋಟೊ ಜಿಪ್ ಮಾಡಿದ್ರೆ ಸಣ್ಣದಾಗಲ್ಲ, ಎಷ್ಟು ಸಲ ಹೇಳೋದು!

ಚಿತ್ರದುರ್ಗದಲ್ಲಿ ಚರಂಡಿ, ಸಿಸಿ ರಸ್ತೆ ಕೆಲಸ ಹಿಡಿಯುವ ಗುತ್ತಿಗೆದಾರರೊಬ್ಬರ ಹತ್ತಿರ ಕಂಪ್ಯೂಟರ್ ಕೆಲಸ ನನ್ನದು. ಬಿಲ್ ಪಾಸ್ ಮಾಡುವ ಕಚೇರಿಗೆ ಬಿಲ್ ಜೊತೆ ಸೈಟಿನ ಫೋಟೊ ಕಳಿಸಬೇಕು. 30 ಫೋಟೊ, ಒಂದೊಂದು ಸುಮಾರು 4 ಎಂಬಿ, ಒಟ್ಟು 120 ಎಂಬಿ. ಮೇಲ್‌ನಲ್ಲಿ ಹೋಗುವುದು 25 ಎಂಬಿಯೊಳಗೆ ಇದ್ದರೆ ಮಾತ್ರ. ಹೇಳಿದರೆ ಆ ಕಡೆಯಿಂದ ಒಂದೇ ಮಾತು: "ಜಿಪ್ ಮಾಡಿ ಕಳಿಸ್ರೀ, ಅಷ್ಟೂ ಗೊತ್ತಿಲ್ವಾ?"

ಮಾಡಿದೆ. 119 ಎಂಬಿ ಆಯ್ತು. ಕಳಿಸೋಕೆ ಆಗಲಿಲ್ಲ ಅಂದರೆ "ನಿಮಗೆ ಸರಿಯಾಗಿ ಜಿಪ್ ಮಾಡೋಕೆ ಬರಲ್ಲ, ಹೋದ ಸಲ ಕೂಲಿ ಪಟ್ಟಿ ಚಿಕ್ಕದಾಗಿ ಬಂದಿತ್ತಲ್ಲ" ಅಂತಾರೆ. ಹೌದು ಸಾರ್, ಬಂದಿತ್ತು. 6 ಎಂಬಿಯ ಸಿಎಸ್‌ವಿ ಫೈಲ್ ಅರ್ಧ ಎಂಬಿಗೆ ಇಳಿದಿತ್ತು. ಅದು ಅಕ್ಷರ, ಇದು ಫೋಟೊ. ಈ ವ್ಯತ್ಯಾಸ ಕೇಳುವ ತಾಳ್ಮೆ ಒಬ್ಬರಿಗೂ ಇಲ್ಲ, ಬೈಗುಳ ಮಾತ್ರ ನನಗೆ.

ಜಿಪ್ ಮಾಡೋ ಕೆಲಸ ಇಷ್ಟೇ. ಫೈಲಿನಲ್ಲಿ ಬಂದದ್ದೇ ಮತ್ತೆ ಬಂದಿದೆಯಾ ಅಂತ ಹುಡುಕುತ್ತದೆ. ಹಿಂದಿನ 32 ಕೆಬಿಯೊಳಗೆ ಅದೇ ಸಾಲು ಸಿಕ್ಕಿದರೆ, ಪೂರ್ತಿ ಬರೆಯುವ ಬದಲು "ಇಷ್ಟು ಹಿಂದೆ ಹೋಗಿ ಇಷ್ಟು ಉದ್ದ ತಗೋ" ಅಂತ ಎರಡು ಮೂರು ಬೈಟಿನಲ್ಲಿ ಗುರುತು ಹಾಕುತ್ತದೆ. ಆಮೇಲೆ ಜಾಸ್ತಿ ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಕೊಡುತ್ತದೆ. ಕೂಲಿ ಪಟ್ಟಿಯಲ್ಲಿ ಪ್ರತಿ ಸಾಲಿನಲ್ಲೂ "ಚಿತ್ರದುರ್ಗ" ಇದೆ. ಕನ್ನಡದ ಒಂದೊಂದು ಅಕ್ಷರ, ಗುಣಿತದ ಚಿಹ್ನೆ, ಅರ್ಕಾವೊತ್ತಿನ ಒಳಗಿನ ಹಲಂತ, ಎಲ್ಲಕ್ಕೂ ಯುಟಿಎಫ್-8 ಅನ್ನೋ ಅಕ್ಷರ ಉಳಿಸುವ ಪದ್ಧತಿಯಲ್ಲಿ ತಲಾ 3 ಬೈಟು, ಹಾಗಾಗಿ ಆ ಒಂದು ಪದಕ್ಕೇ 30 ಬೈಟು. ಆ ಮೂರರಲ್ಲಿ ಮೊದಲನೇ ಬೈಟು ಯಾವಾಗಲೂ E0, ಎರಡನೆಯದು B2 ಇಲ್ಲವೇ B3. ಹೀಗೆ ಬಂದದ್ದೇ ಬರುವ ಫೈಲು ಜಿಪ್‌ಗೆ ಹಬ್ಬ. ಕುಗ್ಗದೇ ಇನ್ನೇನು?

ಈಗ ಫೋಟೊ. ಫೋನಿನ 4000 × 3000 ಪಿಕ್ಸೆಲ್‌ನ ಒಂದು ಚಿತ್ರ, ಪಿಕ್ಸೆಲ್‌ಗೆ 3 ಬೈಟು ಅಂತ ಹಾಗೇ ಉಳಿಸಿದರೆ 36 ಎಂಬಿ. ನಿಮ್ಮ ಕೈಗೆ ಬಂದಿರುವುದು 4 ಎಂಬಿ! ಮಿಕ್ಕ 32 ಎಲ್ಲಿ ಹೋಯ್ತು? ಫೋನಿನೊಳಗೇ ಹೋಯ್ತು. ಕ್ಲಿಕ್ ಮಾಡಿದ ಕ್ಷಣದಲ್ಲೇ ಜೆಪೆಗ್ ಅನ್ನೋ ಫೋಟೊ ಉಳಿಸುವ ಪದ್ಧತಿ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ಸಣ್ಣ ಏರಿಳಿತವನ್ನು ಬಿಸಾಕಿ, ಉಳಿದದ್ದಕ್ಕೆ ಅದೇ ಗಿಡ್ಡ ಸಂಕೇತ, ಉದ್ದ ಸಂಕೇತದ ಲೆಕ್ಕ ಹಾಕಿ ಮುಗಿಸಿರುತ್ತದೆ. ಒಳಗಿರುವ ಬೈಟುಗಳಲ್ಲಿ ಪುನರಾವರ್ತನೆಯೇ ಉಳಿದಿಲ್ಲ. ಜಿಪ್ ಏನನ್ನ ಹುಡುಕಬೇಕು? ವಿಡಿಯೊ, ಎಂಪಿ3 ಕತೆಯೂ ಇಷ್ಟೇ. ಒಂದೇ ಫೋಟೊ ಎರಡು ಸಲ ಸೇರಿಸಿದರೂ ಜಿಪ್‌ಗೆ ಗೊತ್ತಾಗಲ್ಲ, ಯಾಕಂದ್ರೆ ಅದು ಒಂದೊಂದು ಫೈಲನ್ನೂ ಬೇರೆ ಬೇರೆಯಾಗೇ ಕುಗ್ಗಿಸುತ್ತದೆ. "ಮ್ಯಾಕ್ಸಿಮಮ್ ಇಟ್ಟು ಮಾಡಿ" ಅಂತಾರೆ, ಇಟ್ಟರೆ ಸುಮ್ನೆ ಟೈಮ್ ಜಾಸ್ತಿ ಹಿಡಿಯುತ್ತದೆ ಅಷ್ಟೇ.

ಇನ್ನೊಂದು ಉರಿಯೋ ವಿಷಯ. ಎಕ್ಸೆಲ್ ಶೀಟ್ ಎಲ್ಲ ಕುಗ್ಗುತ್ತೆ ಅಂತ ಕೆಲವರ ನಂಬಿಕೆ. ಹಳೆಯ .xls ಕುಗ್ಗುತ್ತೆ, .csv ಕುಗ್ಗುತ್ತೆ. ಆದರೆ 2007ರಿಂದ ಬಂದ .xlsx ತಾನೇ ಒಂದು ಜಿಪ್! ಅದರ ಪ್ರತಿ ಮಾಡಿ ಹೆಸರಿನ ಕೊನೆ .zip ಅಂತ ಬದಲಿಸಿ ತೆರೆಯಿರಿ, ಒಳಗೆ ಎಕ್ಸ್‌ಎಂಎಲ್ ಫೈಲುಗಳು ಕಾಣುತ್ತವೆ. .docx ಕೂಡ ಅದೇ. ಅದನ್ನ ಮತ್ತೆ ಜಿಪ್ ಮಾಡಿಸಿ "ಯಾಕೆ ಕಡಿಮೆಯಾಗಿಲ್ಲ" ಅಂತ ನನ್ನನ್ನ ಕೇಳಬೇಡಿ. ಅನುಮಾನ ಇದ್ದರೆ ವಿಂಡೋಸ್‌ನಲ್ಲಿ ಜಿಪ್ ತೆರೆದು Ratio ಅನ್ನೋ ಕಾಲಂ ನೋಡಿ. ಪಟ್ಟಿಯ ಮುಂದೆ 90ರ ಆಸುಪಾಸು, ಫೋಟೊ ಮುಂದೆ 0 ಅಥವಾ 1 ಶೇಕಡಾ.

ಕೊನೆಗೆ ಆ 30 ಫೋಟೊಗಳನ್ನು 1600 × 1200ಕ್ಕೆ ಇಳಿಸಿದೆ. ಪಿಕ್ಸೆಲ್ ಆರನೇ ಒಂದು ಭಾಗ ಆಯ್ತು, ಒಂದೊಂದು ಅರ್ಧ ಎಂಬಿ ಆಸುಪಾಸು, ಒಟ್ಟು 15 ಎಂಬಿ. ಹೋಯ್ತು. ಆದರೆ ಇದು ಜಿಪ್ ಅಲ್ಲ, ಇಲ್ಲಿ ವಿವರ ಕಳೆದುಹೋಗುತ್ತದೆ, ವಾಪಸ್ ಬರಲ್ಲ. ಚರಂಡಿಯ ಆಳ ತೋರಿಸೋ ಟೇಪಿನ ಅಂಕಿ ಓದೋಕೆ ಬರುತ್ತಾ ಅಂತ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ್ದೇನೆ, ಅದಕ್ಕೇ ಮಧ್ಯಾಹ್ನ ಪೂರ್ತಿ ಹೋಯ್ತು. ಮೂಲ ಫೋಟೊಗಳನ್ನು ಬೇರೆ ಇಟ್ಟಿದ್ದೇನೆ, ನಾಳೆ "ಒರಿಜಿನಲ್ ಕೊಡಿ" ಅಂತ ಕೇಳೋರೂ ಇವರೇ ಅಲ್ವಾ.

ಕಳಿಸಿದ ಮೇಲೆ ಬಂದ ಉತ್ತರ: "ನೋಡಿ, ಸರಿಯಾಗಿ ಜಿಪ್ ಮಾಡಿದ್ರೆ ಆಗುತ್ತೆ." ರೀ, ಅದು ಜಿಪ್‌ನಿಂದ ಆದದ್ದಲ್ಲ! ಮುಂದಿನ ಪತ್ರದಲ್ಲಿ "ಜಿಪ್ ಮಾಡಿ" ಅಂತ ಬರೆಯೋದು ಬಿಟ್ಟು, ಫೋಟೊ ಎಷ್ಟು ಪಿಕ್ಸೆಲ್ ಅಗಲ ಇರಬೇಕು ಅಂತ ಬರೆಯಿರಿ. ಕೇಳ್ತಿರೋದು ಅಷ್ಟೇ.