ನಿಮ್ಮ ಒರಿಜಿನಲ್ಲೇ ಡೂಪ್ಲಿಕೇಟು ಮಾರಾಯ್ರೇ

ಸಾರ್, ನಮಸ್ಕಾರ. ನಾನು ಕಳ್ಸಿದ ಎಚ್‌ಎಂಟಿ ಜನತಾ ವಾಚು ಫೇಕ್ ಅಂತ ಒಂದೇ ಸ್ಟಾರ್ ಕೊಟ್ಟು, ಕೆಳಗೆ ‘ಶಿವಮೊಗ್ಗದ ಕಳ್ಳ’ ಅಂತ ಬೇರೆ ಬರ್ದಿದ್ದೀರಿ. ಕಳ್ಳ ಅಂದಿದ್ದಕ್ಕೆ ಬೇಜಾರಿಲ್ಲ, ಆದ್ರೆ ನಮ್ಮೂರು ತೀರ್ಥಹಳ್ಳಿ, ಅದನ್ನಾದ್ರೂ ಸರಿಯಾಗಿ ಬರೀಬಹುದಿತ್ತು.

ನಿಮ್ಮ ಮೊದಲ್ನೇ ಸಾಕ್ಷಿ, ‘ಬೆಂಗಳೂರಲ್ಲಿ ಮಾಡಿದ ವಾಚಿಗೆ ಹಿಂದಿ ಅಕ್ಷರ ಯಾಕೆ’. ಪ್ರಶ್ನೆ ಬಾಳ ಚೆನ್ನಾಗಿದೆ, ಆದ್ರೆ ನನ್ನ ಕೇಳಿದ್ರೆ ನಾನೇನು ಹೇಳ್ಲಿ, ಅದು ಕೇಂದ್ರ ಸರ್ಕಾರದ ಕಂಪನಿ, 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರ್ಕೊಂಡು ಬೆಂಗಳೂರಲ್ಲಿ ವಾಚು ಶುರು ಮಾಡಿದ್ದು, ಆಮೇಲೆ ತುಮಕೂರಲ್ಲೂ ಒಂದು ಫ್ಯಾಕ್ಟರಿ ಆಯ್ತು. ಜನತಾ ಹಿಂದಿ ಡಯಲ್ಲಲ್ಲೂ ಬಂತು, ಇಂಗ್ಲಿಷ್ ಡಯಲ್ಲಲ್ಲೂ ಬಂತು. ಒಂದನೇ ಫೋಟೋದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೀನಿ, ಎರಡೂ ಒರಿಜಿನಲ್ಲೇ.

ಎರಡನೇದು, ‘ಬೆಳಿಗ್ಗೆ ಎದ್ದು ನೋಡಿದ್ರೆ ನಿಂತೋಗಿದೆ, ಬ್ಯಾಟರಿ ಹಾಕೋ ಜಾಗಾನೂ ಇಲ್ಲ’. ಕೀ ಕೊಡ್ಬೇಕು ಸಾರ್. ದಿನಾ.

ಈಗ ನೀವು ಹೋಲಿಸೋಕೆ ಕಳ್ಸಿದ ‘ಪಕ್ಕಾ ಒರಿಜಿನಲ್’ ಫೋಟೋ. ಥಳಥಳ ಹೊಳೆಯೋ ಕಿತ್ತಳೆ ಡಯಲ್, ಒಂದು ಗೀರಿಲ್ಲ ಒಂದು ಕಲೆ ಇಲ್ಲ, ಮದುವೆ ಮನೆ ಚಪ್ಪರದ ಹಾಗಿದೆ. ಅದು ರೀಡಯಲ್ ಮಾರಾಯ್ರೇ, ಹಳೇ ಡಯಲ್ಲಿನ ಬಣ್ಣ ಕೆರೆದು ಹೊಸದು ಬಳಿದು ಅದ್ರ ಮೇಲೆ ಅಕ್ಷರ ಒತ್ತಿದ್ದು. ನಿಮ್ಮ ಫೋಟೋನೇ ದೊಡ್ಡದು ಮಾಡಿ ಎರಡನೇ ಫೋಟೋ ಆಗಿ ಹಾಕಿದ್ದೀನಿ. ಅಕ್ಷರದ ಅಂಚು ನೋಡಿ, ಮಳೇಲಿ ನೆಂದ ಪೇಪರ್ ಮೇಲೆ ಪೆನ್ನಲ್ಲಿ ಬರ್ದಂಗೆ ಹರಡ್ಕೊಂಡಿದೆ. ನಿಮಿಷದ ಗೀಟುಗಳು ಗಂಟೆ ಗುರುತಿಗೆ ನೇರ ಕೂತಿಲ್ಲ, ನಾಲ್ಕರ ಹತ್ರ ಒಂದು ಗೀಟು ಪಕ್ಕಕ್ಕೆ ಜಾರಿ ನಿಂತಿದೆ. ಮೂರನೇ ಫೋಟೋ ನನ್ನ ವಾಚಿಂದು, ಹತ್ತು ಪಟ್ಟು ದೊಡ್ಡದು ಮಾಡೋ ಲೆನ್ಸಲ್ಲಿ ತೆಗ್ದಿದ್ದು, ಅಕ್ಷರ ಸಣ್ಣದು, ಆದ್ರೆ ಅಂಚು ಕತ್ತರಿಸಿದಂಗಿದೆ.

ನನ್ನ ವಾಚಿನ ಡಯಲ್ ಮೇಲಿನ ಕಲೆ ಬಗ್ಗೆ ‘ಫಂಗಸ್ ಪ್ರಿಂಟ್ ಮಾಡಿದ್ದಾರೆ’ ಅಂದಿರಿ. ಫಂಗಸ್ ಯಾರಾದ್ರೂ ಪ್ರಿಂಟ್ ಮಾಡ್ತಾರಾ? ಮಲೆನಾಡಲ್ಲಿ ಹತ್ತಾರು ಮಳೆಗಾಲ ಒಬ್ರ ಕೈಮೇಲೆ ಕಳೆದ ವಾಚದು, ಹಿಂದಿನ ಮುಚ್ಚಳದ ವಾಷರ್ ಹಳೇದಾಯ್ತು ಅಂದ್ರೆ ತೇವ ಒಳಗೆ ಹೋಗ್ತದೆ, ಡಯಲ್ ಅಂಚಲ್ಲಿ ಚುಕ್ಕೆ ಏಳ್ತದೆ, ಬಿಳಿ ಬಣ್ಣ ಕೆನೆ ಬಣ್ಣಕ್ಕೆ ತಿರುಗ್ತದೆ. ಹೊಸದಾಗಿ ಬಳಿದ ಡಯಲ್ಲಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ, ಅದಕ್ಕೇ ಅದು ನಿಮ್ಮ ಕಣ್ಣಿಗೆ ಒರಿಜಿನಲ್ ಆಗಿ ಕಾಣ್ತಿದೆ, ಅದನ್ನ ಮಾರೋರಿಗೆ ಐದು ಸ್ಟಾರ್ ಬೀಳ್ತಿದೆ.

ಆದ್ರೆ ಡಯಲ್ ಒಂದನ್ನೇ ನೋಡಿ ನನ್ನ ನಂಬ್ಬೇಡಿ. ಒರಿಜಿನಲ್ ಡಯಲ್ ಇಟ್ಟು ಒಳಗೆ ಬೇರೆ ಬೇರೆ ವಾಚಿನ ಮಿಷನ್ ಸೇರಿಸೋರೂ ಇದ್ದಾರೆ. ಅದಕ್ಕೇ ಮುಚ್ಚಳ ಬಿಚ್ಚಿ ನಾಲ್ಕನೇ ಫೋಟೋ ತೆಗ್ದಿದ್ದು, ಮಿಷನ್ ಮೇಲೆ 0231 ಅಂತ ಕಾಣ್ತದೆ ನೋಡಿ, ಜನತಾದಲ್ಲಿ ಬರೋ ಮಿಷನ್ನಿನ ನಂಬರೇ ಅದು.

ಆದ್ರೂ ಬೇಡ ಅಂದ್ರೆ ವಾಪಸ್ ಕಳ್ಸಿ, ದುಡ್ಡು ಪೂರ್ತಿ ಕೊಡ್ತೀನಿ. ಒಂದೇ ಮಾತು, ನಿಮ್ಮ ಹತ್ರ ಆ ಕಿತ್ತಳೆ ವಾಚೂ ಇದೆ ಅಂತ ನೀವೇ ಬರ್ದಿದ್ದೀರಿ. ಯಾವುದು ಪ್ಯಾಕ್ ಮಾಡ್ತೀರಿ ಅಂತ ಸ್ವಲ್ಪ ನೋಡ್ಕೊಳ್ಳಿ, ನನ್ನ ವಾಚಿನ ಹಿಂದಿನ ನಂಬರಿನ ಫೋಟೋ ನಾನು ತೆಗ್ದಿಟ್ಕೊಂಡಿದ್ದೀನಿ.